ಡಿಸ್ಟೆನ್ಸ್ ವೆಕ್ಟರ್ ಲೆಕ್ಕ: ಕೊನೆಯ ಟೇಬಲ್ ಸರಿ, ನಡುವಿನ ರೌಂಡ್ ತಪ್ಪು

ಪ್ರಶ್ನೆ: ಕೊನೆಯ ಟೇಬಲ್ ಕರೆಕ್ಟಾಗೇ ಬರುತ್ತೆ ಸರ್, ಆದ್ರೂ ಮೊದಲ ರೌಂಡಿಗೆ ಮಾರ್ಕ್ಸ್ ಕಟ್ ಮಾಡ್ತಾರೆ. ಯಾಕೆ?

ಈಗಷ್ಟೇ ತಿದ್ದಿದ ಅಂಕಿಯನ್ನೇ ಅದೇ ರೌಂಡಿನಲ್ಲಿ ಮತ್ತೆ ಬಳಸಿರುತ್ತೀರಿ, ಅದಕ್ಕೆ. ಪ್ರತಿ ಸೆಮಿಸ್ಟರ್ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಕಾರಣ ಇದೊಂದೇ.

ನಾಲ್ಕು ರೌಟರ್ ತೆಗೆದುಕೊಳ್ಳಿ. ಲಿಂಕ್‌ಗಳ ಕಾಸ್ಟ್ ಹೀಗಿರಲಿ: ಎ–ಬಿ 1, ಬಿ–ಸಿ 2, ಸಿ–ಡಿ 3, ಎ–ಡಿ 10. ಆರಂಭದಲ್ಲಿ ಪ್ರತಿ ರೌಟರಿಗೂ ಗೊತ್ತಿರುವುದು ಪಕ್ಕದವರ ಲಿಂಕ್ ಮಾತ್ರ. ಎ–ಸಿ ಮತ್ತು ಬಿ–ಡಿ ನಡುವೆ ಎರಡೂ ದಿಕ್ಕಿನಲ್ಲಿ ∞, ಅಂದರೆ ದಾರಿ ಇನ್ನೂ ಗೊತ್ತಿಲ್ಲ. ಪ್ರತಿ ರೌಂಡಿನಲ್ಲೂ ರೌಟರ್ ಪಕ್ಕದವರು ಕಳಿಸಿದ ಹಿಂದಿನ ರೌಂಡಿನ ಅಂಕಿಗೆ ಅವರವರೆಗಿನ ಲಿಂಕ್ ಕಾಸ್ಟ್ ಕೂಡಿಸಿ, ಬಂದದ್ದರಲ್ಲಿ ಕಡಿಮೆಯದನ್ನು ಬರೆದುಕೊಳ್ಳುತ್ತದೆ.

ಮೊದಲ ರೌಂಡಿನಲ್ಲಿ ಎ, ಬಿ, ಸಿ ಕ್ರಮದಲ್ಲಿ ಬರೆಯುತ್ತಾ ಬಂದಿರಿ. ಸಿ-ಯಿಂದ ಎ-ಗೆ ಬಿ ಮೂಲಕ 2+1, ಅಂದರೆ 3. ಇಲ್ಲಿವರೆಗೆ ಸರಿ. ಈಗ ಡಿ-ಯ ಸರದಿ. ಎ-ಗೆ ನೇರ ಲಿಂಕ್ 10. ಸಿ ಮೂಲಕ? ಒಂದು ಗೆರೆ ಮೇಲೆ ಈಗ ತಾನೇ ಬರೆದ 3 ಕಣ್ಣಿಗೆ ಬೀಳುತ್ತದೆ, 3+3=6 ಅಂತ ಬರೆದುಬಿಡುತ್ತೀರಿ. ಆದರೆ ಡಿ-ಯ ಕೈಗೆ ಬಂದಿರುವುದು ಸಿ-ಯ ಹಳೆಯ ಟೇಬಲ್. ಅದರಲ್ಲಿ ಎ-ಗೆ ∞ ಇದೆ. ಹಾಗಾಗಿ ಈ ರೌಂಡಿನಲ್ಲಿ ಡಿ-ಯಿಂದ ಎ-ಗೆ 10 ಆಗಿಯೇ ಉಳಿಯಬೇಕು.

```
ರೌಂಡ್ 1
      ಎ    ಬಿ    ಸಿ    ಡಿ
ಎ     0    1    3    10
ಬಿ     1    0    2    5
ಸಿ     3    2    0    3
ಡಿ     10   5    3    0
```

ಎರಡನೇ ರೌಂಡಿನಲ್ಲಿ ಬದಲಾಗುವುದು ಎರಡೇ ಮನೆ: ಎ-ಯಿಂದ ಡಿ-ಗೆ ಬಿ ಮೂಲಕ 1+5=6, ಡಿ-ಯಿಂದ ಎ-ಗೆ ಸಿ ಮೂಲಕ 3+3=6. ಮೂರನೇ ರೌಂಡಿನಲ್ಲಿ ಏನೂ ಬದಲಾಗದು, ಅಲ್ಲಿಗೆ ನಿಲ್ಲಿಸಿ. ತಪ್ಪು ದಾರಿಯಲ್ಲಿ ಹೋದರೂ ಕೊನೆಗೆ ಇದೇ ಟೇಬಲ್ ಬರುತ್ತದೆ. ತಪ್ಪು ನಿಮ್ಮ ಕಣ್ಣಿಗೆ ಬೀಳದಿರುವುದೂ ಅದಕ್ಕೇ.

ಹಿಡಿಯುವುದು ಸುಲಭ. ಲಿಂಕ್ ಕಾಸ್ಟ್ ಎರಡೂ ದಿಕ್ಕಿಗೆ ಒಂದೇ ಇದ್ದು, ನಡುವೆ ಬದಲಾಗದಿದ್ದರೆ, ಪ್ರತಿ ರೌಂಡಿನ ಟೇಬಲ್ ಕರ್ಣದ ಎರಡೂ ಬದಿಗೆ ಒಂದೇ ಥರ ಕಾಣಬೇಕು. ಎ-ಯಿಂದ ಡಿ-ಗೆ 10, ಡಿ-ಯಿಂದ ಎ-ಗೆ 6 ಅಂತ ಒಂದೇ ರೌಂಡಿನಲ್ಲಿ ಬಂದರೆ ಹೊಸ ಅಂಕಿ ನುಸುಳಿದೆ ಅಂತಲೇ ಅರ್ಥ. ಇನ್ನೊಂದು ತಾಳೆ: ಒಂದನೇ ರೌಂಡ್ ಮುಗಿದಾಗ ಎರಡು ಲಿಂಕಿನೊಳಗಿನ ದಾರಿಗಳಷ್ಟೇ ಕಾಣುತ್ತವೆ, ಎರಡನೆಯದು ಮುಗಿದಾಗ ಮೂರು ಲಿಂಕಿನವು. 6 ಕಾಸ್ಟಿನ ದಾರಿಗೆ ಮೂರು ಲಿಂಕ್ ಬೇಕು, ಅದು ಒಂದನೇ ರೌಂಡಿನಲ್ಲಿ ಬರಲು ಸಾಧ್ಯವೇ ಇಲ್ಲ.

ಪ್ರತಿ ರೌಂಡಿಗೂ ಟೇಬಲ್ ಹೊಸದಾಗಿ ಬರೆಯಿರಿ, ಹಳೆಯದನ್ನು ಮುಟ್ಟಬೇಡಿ. ಜಾಗ ಉಳಿಸಲು ಅದರ ಮೇಲೇ ಹೊಡೆದು ತಿದ್ದುವವರೇ ಈ ಹಳ್ಳಕ್ಕೆ ಬೀಳುವುದು.

ಇದರ ಜೊತೆಗೇ ಬರುವ ಇನ್ನೊಂದು ತಪ್ಪಿದೆ. ಮೂರನೇ ರೌಂಡಿನಲ್ಲಿ ಎ-ಯಿಂದ ಡಿ-ಗೆ 'ಡಿ ಮೂಲಕ' ಲೆಕ್ಕ ಹಾಕುವಾಗ ಕೆಲವರು ಟೇಬಲ್‌ನಲ್ಲಿರುವ 6 ಹಿಡಿದು 6+0=6 ಅನ್ನುತ್ತಾರೆ, ನೆಕ್ಸ್ಟ್ ಹಾಪ್ ಕಾಲಂನಲ್ಲಿ ಡಿ ಅಂತ ಬರೆಯುತ್ತಾರೆ. ಕೂಡಬೇಕಾದದ್ದು ಲಿಂಕಿನ ಕಾಸ್ಟ್, ಅಂದರೆ 10. ಡಿ ಅಂತ ಬರೆದರೆ ಎ-ಯಿಂದ ಹೊರಟ ಪ್ಯಾಕೆಟ್ 10ರ ಲಿಂಕಿಗೇ ಹೋಗುತ್ತದೆ, ಟೇಬಲ್ ಮಾತ್ರ 6 ಅನ್ನುತ್ತಿರುತ್ತದೆ. ಸರಿಯಾದ ನೆಕ್ಸ್ಟ್ ಹಾಪ್ ಬಿ.

ಪ್ರಶ್ನೆ: ನಾಲ್ಕು ರೌಟರ್ ಇದ್ರೆ ಮೂರೇ ರೌಂಡ್ ಅಂತ ಒಂದು ವಿಡಿಯೋದಲ್ಲಿ ಶಾರ್ಟ್‌ಕಟ್ ಹೇಳಿದ್ರು, ನಿಜಾನಾ?

ಅಲ್ಲ, ನಾಲ್ಕಕ್ಕೂ ಪರಸ್ಪರ ಒಂದೇ ಕಾಸ್ಟಿನ ಲಿಂಕ್ ಇದ್ದರೆ ಮೊದಲ ರೌಂಡಿನಲ್ಲೇ ಏನೂ ಬದಲಾಗುವುದಿಲ್ಲ, ಇಂಥ 'ಟ್ರಿಕ್' ಮಾರುವವರನ್ನು ನಂಬಿ ಮಾರ್ಕ್ಸ್ ಕಳೆದುಕೊಳ್ಳಬೇಡಿ.

ಪ್ರಶ್ನೆ: ಡೈಕ್ಸ್ಟ್ರಾದಿಂದ ಬೇಗ ಉತ್ತರ ಕಂಡುಹಿಡಿದು ಬರೆದ್ರೆ ಆಗಲ್ವಾ?

ರೌಂಡ್‌ವಾರು ಕೇಳಿದ್ದಾರೆ. ಆಗಲ್ಲ.

ಪ್ರಶ್ನೆ: ಲಿಂಕ್ ಕಾಸ್ಟ್ ಜಾಸ್ತಿ ಆದಾಗ ಹಳೆಯ ಕಡಿಮೆ ಅಂಕಿಯನ್ನೇ ಇಟ್ಕೋಬಹುದಾ?

ಇಟ್ಟುಕೊಳ್ಳಬಾರದು. ಹಳೆಯ ಅಂಕಿ ಸ್ಪರ್ಧೆಯಲ್ಲೇ ಇಲ್ಲ. ಪಕ್ಕದವರು ಕಳಿಸಿದ ಅಂಕಿಗಳಿಂದಲೇ ಮತ್ತೆ ಲೆಕ್ಕ ಹಾಕಬೇಕು. ಮೇಲಿನ ನೆಟ್‌ವರ್ಕ್ ಸ್ಥಿರವಾದ ಮೇಲೆ ಸಿ–ಡಿ ಲಿಂಕ್ 3ರಿಂದ 20ಕ್ಕೆ ಏರಿತು ಅನ್ನಿ. ಸಿ-ಗೆ ಡಿ ತಲುಪಲು ನೇರ 20, ಬಿ ಮೂಲಕ 2+5=7. ಬಿ ಹೇಳುವ ಆ 5 ಸಿ-ಯ ಮೇಲೇ ಹಾದುಹೋಗುವ ದಾರಿ, ಪ್ಯಾಕೆಟ್ ಇಬ್ಬರ ನಡುವೆ ಸುತ್ತುತ್ತದೆ. ಆದರೂ ಆ ರೌಂಡಿಗೆ ಬರೆಯಬೇಕಾದ ಉತ್ತರ 7, ನೆಕ್ಸ್ಟ್ ಹಾಪ್ ಬಿ. ಜಾಣತನ ತೋರಿಸಿ 20 ಬರೆದರೆ ತಪ್ಪು. ಪ್ರಶ್ನೆಯಲ್ಲಿ ಸ್ಪ್ಲಿಟ್ ಹೊರೈಜನ್ ಅಂತ ಕೊಟ್ಟಿದ್ದರೆ ಮಾತ್ರ ಬಿ ಆ 5ನ್ನು ಸಿ-ಗೆ ಹೇಳುವುದಿಲ್ಲ, ಆಗ 20 ಬರೆಯಿರಿ.