ಮರದ ಕೆಳಗಿನ ತಗಡಿನ ಪೆಟ್ಟಿಗೆ

ಸಂಪಾದಕರೇ,
ಮೂವತ್ತೈದು ವರ್ಷದಿಂದ ಒಂದು ಸಿನಿಮಾ ಹುಡುಕುತ್ತಿದ್ದೇನೆ. ಹೆಸರು ಗೊತ್ತಿಲ್ಲ. ನಾನಾಗ ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ, 1986-87 ಇರಬೇಕು. ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಟಿವಿಯಲ್ಲಿ ನೋಡಿದ್ದು. ಕನ್ನಡ ಸಿನಿಮಾ, ಆದರೆ ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಕಪ್ಪು ಬಿಳುಪು. ಒಬ್ಬ ಮನುಷ್ಯ ಮರದ ಕೆಳಗೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂತಿರುತ್ತಾನೆ, ಸುತ್ತ ಹಳ್ಳಿಯವರು. ಅವನ ಮಗ ಒಂದು ಪುಸ್ತಕ ತಂದು ಚರಂಡಿಗೆ ಎಸೆಯುತ್ತಾನೆ. ಕೊನೆಯಲ್ಲಿ ಮನೆ ತುಂಬ ದುಡ್ಡಿನ ಮೂಟೆ, ಬಾಗಿಲಲ್ಲಿ ಜನರ ಗಲಾಟೆ. ಟಿವಿಯಲ್ಲಿ ‘ಮಜಾ ಟಾಕೀಸ್’ ನಡೆಸುತ್ತಿದ್ದವರನ್ನು ನೋಡಿದಾಗೆಲ್ಲ ಆ ಮನುಷ್ಯನ ಮುಖ ನೆನಪಾಗುತ್ತಿತ್ತು. ‘ಮಾಲ್ಗುಡಿ ಡೇಸ್’ ಇರಬೇಕು ಅಂತ ಎಲ್ಲ ಕಂತು ನೋಡಿದೆ, ಸಿಗಲಿಲ್ಲ. ನನ್ನ ಹೆಂಡತಿ ‘ನೀವು ಕನಸು ಕಂಡಿದ್ದು’ ಅಂತಾಳೆ.
— ಒಬ್ಬ ಓದುಗ, ತಿಪಟೂರು

ಕನಸಲ್ಲ. ನಿಮ್ಮ ಸಿನಿಮಾ ‘ಬ್ಯಾಂಕರ್ ಮಾರ್ಗಯ್ಯ’. ನಿರ್ದೇಶನ ಟಿ.ಎಸ್. ನಾಗಾಭರಣ, ಮರದ ಕೆಳಗೆ ಕೂತವರು ಲೋಕೇಶ್, ಹೆಂಡತಿಯ ಪಾತ್ರದಲ್ಲಿ ಜಯಂತಿ. ಆದರೆ ಹೆಸರು ಹೇಳಿ ಮುಗಿಸಿದರೆ ನಿಮಗೆ ನಂಬಿಕೆ ಬರಬೇಕಲ್ಲ. ಇಂಥ ಪತ್ರಗಳು ನಮಗೆ ತಿಂಗಳಿಗೆ ಎರಡು ಮೂರಾದರೂ ಬರುತ್ತವೆ, ಹೆಚ್ಚಿನವಕ್ಕೆ ಉತ್ತರ ಸಿಗುವುದಿಲ್ಲ. ನಿಮ್ಮದಕ್ಕೆ ಸಿಕ್ಕಿತು. ಹಾಗಾಗಿ ಹುಡುಕಿದ ದಾರಿಯನ್ನೂ ಬರೆಯುತ್ತೇನೆ.

ಪತ್ರ ಬಂದ ದಿನ ಕಚೇರಿಯಲ್ಲಿ ಎಲ್ಲರೂ ಮರ, ಪೆಟ್ಟಿಗೆ, ಚರಂಡಿ ಅಂತ ದೃಶ್ಯಗಳ ಬೆನ್ನು ಹತ್ತಿದರು. ನಾನೂ ಅದನ್ನೇ ಮಾಡಿದೆ. ಪುಟ ಕಟ್ಟುವ ಹುಡುಗಿ ‘ಹುಡುಗ, ಪುಸ್ತಕ ಅಂದರೆ ಬೆಟ್ಟದ ಹೂವು’ ಅಂದಳು. ಪ್ರೂಫ್ ನೋಡುವ ಹಿರಿಯರು ‘ಪೆಟ್ಟಿಗೆ, ಹಳ್ಳಿ ಜನ, ಲೋಕೇಶ್ ಥರದ ಮುಖ ಅಂದ ಮೇಲೆ ಪರಸಂಗದ ಗೆಂಡೆತಿಮ್ಮ, ಅನುಮಾನವೇ ಬೇಡ’ ಅಂದರು. ಮಧ್ಯಾಹ್ನದ ಊಟದ ಹೊತ್ತಿಗೆ ಜಗಳವೇ ಆಗುತ್ತಿತ್ತು.

ದೃಶ್ಯದಿಂದ ಹುಡುಕಲು ಹೊರಟರೆ ಹೀಗೇ ಆಗುತ್ತದೆ. ಪೆಟ್ಟಿಗೆ ಇಲ್ಲದ ಸಿನಿಮಾ ಯಾವುದಿದೆ ಹೇಳಿ. ನಿಮ್ಮ ಪತ್ರದಲ್ಲಿ ನಿಜವಾಗಿ ಬೆಲೆಯುಳ್ಳ ಮಾತು ನೀವು ಸುಮ್ನೆ ಬರೆದುಬಿಟ್ಟಿರುವ ಒಂದು ಸಾಲು: ‘ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು.’

ಆ ಕಾಲದ ದೂರದರ್ಶನ ನೆನಪು ಮಾಡಿಕೊಳ್ಳಿ. ಬೆಂಗಳೂರು ಕೇಂದ್ರದಿಂದ ನಮಗಾಗಿ ಹಾಕುವ ಕನ್ನಡ ಸಿನಿಮಾಕ್ಕೆ ಇಂಗ್ಲಿಷ್ ಸಾಲು ಯಾಕೆ ಬೇಕು? ಅದು ಬೇಕಾಗಿದ್ದು ದೆಹಲಿಯಿಂದ ಇಡೀ ದೇಶಕ್ಕೆ ಬಿಡುತ್ತಿದ್ದ ಭಾನುವಾರ ಮಧ್ಯಾಹ್ನದ ಸಿನಿಮಾಕ್ಕೆ. ಒಂದು ವಾರ ಬಂಗಾಳಿ, ಇನ್ನೊಂದು ವಾರ ಮಲಯಾಳಂ, ಯಾವಾಗಲೋ ಒಮ್ಮೆ ಕನ್ನಡ. ಅಲ್ಲಿ ಬರುತ್ತಿದ್ದವು ಹೆಚ್ಚಾಗಿ ಪ್ರಶಸ್ತಿ ಪಡೆದ ಚಿತ್ರಗಳು. ಮಕ್ಕಳಿಗೆ ಬೇಜಾರೋ ಬೇಜಾರು. ಕನ್ನಡದ್ದು ಬಂದ ವಾರ ಮಾತ್ರ ಇಡೀ ಬೀದಿ ಟಿವಿ ಮುಂದೆ.

ಇಷ್ಟು ಗೊತ್ತಾದರೆ ನೂರಾರು ಸಿನಿಮಾ ಜಾಲಾಡಬೇಕಾಗಿಲ್ಲ. ರಾಷ್ಟ್ರಪ್ರಶಸ್ತಿಯಲ್ಲಿ ‘ಅತ್ಯುತ್ತಮ ಕನ್ನಡ ಚಿತ್ರ’ ಅಂತ ಒಂದು ವಿಭಾಗ ಇದೆ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಹೆಸರು. ನೀವು ನೋಡಿದ್ದು 1986-87 ಅಂದರೆ ಸಿನಿಮಾ ಅದಕ್ಕಿಂತ ಹಿಂದಿನದು. ಪ್ರಶಸ್ತಿ ಘೋಷಣೆ ಆಗಬೇಕು, ಪ್ರದಾನ ಆಗಬೇಕು, ಆಮೇಲೆ ಟಿವಿಗೆ ಬರಬೇಕು. ನೋಡಿದ ವರ್ಷವನ್ನೇ ತಯಾರಾದ ವರ್ಷ ಅಂದುಕೊಳ್ಳುವುದು ಇಂಥ ಹುಡುಕಾಟದಲ್ಲಿ ಜಾಸ್ತಿ ಜನ ಮಾಡುವ ತಪ್ಪು. ಟಿವಿಯಲ್ಲಿ ನೋಡಿದ್ದಾದರೆ ನಾಲ್ಕೈದು ವರ್ಷ ಹಿಂದಕ್ಕೆ ಹೋಗಿ ಹುಡುಕಬೇಕು. ಟೆಂಟಿನಲ್ಲಿ ನೋಡಿದ್ದಾದರೆ ಇನ್ನೂ ಹಿಂದಕ್ಕೆ, ಯಾಕೆಂದರೆ ಟೆಂಟಿಗೆ ಹಳೆಯ ಪ್ರಿಂಟ್ ಬರುತ್ತಿತ್ತು.

ಹಾಗೆ 1982ರಿಂದ 1985ರವರೆಗಿನ ಪಟ್ಟಿ ತೆಗೆದೆವು. 1982ರ ಸಾಲಿಗೆ ‘ಫಣಿಯಮ್ಮ’, ಬಾಲವಿಧವೆಯೊಬ್ಬಳ ಕಥೆ. ಅಲ್ಲಿ ದುಡ್ಡಿನ ಮೂಟೆಗೆ ಜಾಗವಿಲ್ಲ. 1984ಕ್ಕೆ ‘ಬಂಧನ’, ವಿಷ್ಣುವರ್ಧನ್ ಮತ್ತು ಸುಹಾಸಿನಿ. ಅದನ್ನು ನೋಡಿದವರು ಹೆಸರು ಮರೆಯುವುದಿಲ್ಲ. 1985ಕ್ಕೆ ‘ಬೆಟ್ಟದ ಹೂವು’. ನಮ್ಮ ಹುಡುಗಿಯ ಮುಖ ಅರಳಿತು. ಆದರೆ ಅಲ್ಲಿ ಹುಡುಗ ಪುಸ್ತಕ ಕೊಳ್ಳಲು ಕಾಸು ಕೂಡಿಡುವವನು, ಎಸೆಯುವವನಲ್ಲ. ಅದೂ ಅಲ್ಲದೆ ಆ ಹುಡುಗ ಪುನೀತ್. ಪುನೀತ್ ಇದ್ದಿದ್ದರೆ ನೀವು ಪತ್ರದ ಮೊದಲ ಸಾಲಲ್ಲೇ ಬರೆಯುತ್ತಿದ್ದಿರಿ. ಉಳಿದಿದ್ದು 1983ರದ್ದು, ‘ಬ್ಯಾಂಕರ್ ಮಾರ್ಗಯ್ಯ’.

ಪಟ್ಟಿಯಲ್ಲಿ ಉಳಿಯಿತು ಅನ್ನುವುದೊಂದೇ ಸಾಲದು. ಮುಖ ಕೂಡಬೇಕು. ಮಜಾ ಟಾಕೀಸ್ ನಡೆಸಿದವರು ಸೃಜನ್ ಲೋಕೇಶ್. ಅವರ ತಂದೆ ಲೋಕೇಶ್. ನೀವು ಮಗನ ಮುಖದಲ್ಲಿ ಅಪ್ಪನನ್ನು ಕಂಡಿದ್ದೀರಿ, ಅಷ್ಟೇ. ನಮ್ಮ ಚಿತ್ರರಂಗದಲ್ಲಿ ಈ ದಾರಿ ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲಿ ಮನೆತನಗಳೇ ನಡೆದು ಬಂದಿವೆ. ಲೋಕೇಶ್ ಅವರೂ ‘ಸತಿ ಸುಲೋಚನ’ದ ನಾಯಕ ಸುಬ್ಬಯ್ಯ ನಾಯ್ಡು ಅವರ ಮಗ. ಹಳೆಯ ಖಳನಟನ ಹೆಸರು ನೆನಪಿಲ್ಲ, ಮುಖ ಮಾತ್ರ ಇದೆ ಅನ್ನುವವರಿಗೆ ನಾನು ಮೊದಲು ಕೇಳುವುದು ‘ಈಗಿನವರಲ್ಲಿ ಯಾರ ಹಾಗೆ?’ ಅಂತ. ತೂಗುದೀಪ ಶ್ರೀನಿವಾಸ್ ಹಾಗೆ ಸಿಕ್ಕಿದ್ದಾರೆ, ಟೈಗರ್ ಪ್ರಭಾಕರ್ ಸಿಕ್ಕಿದ್ದಾರೆ. ಬಾಲನಟರ ಮುಖದಿಂದ ಮಾತ್ರ ಹುಡುಕಲು ಹೋಗಬೇಡಿ. ಟೈಟಲ್ ಕಾರ್ಡಿನಲ್ಲಿ ‘ಮಾಸ್ಟರ್’ ಅಂತ ಒಂದು ಹೆಸರು ಇರುತ್ತದೆ, ಮೀಸೆ ಬಂದ ಮೇಲೆ ಆ ಮುಖವೂ ಇರುವುದಿಲ್ಲ, ಕೆಲವೊಮ್ಮೆ ಆ ಹೆಸರೂ ಇರುವುದಿಲ್ಲ.

ಆದರೂ ಮುಖದಿಂದ ಸಿಗುವುದು ನಟ, ಸಿನಿಮಾ ಅಲ್ಲ. ಪ್ರೂಫ್‌ನವರು ಎಡವಿದ್ದು ಅಲ್ಲೇ. ‘ಪರಸಂಗದ ಗೆಂಡೆತಿಮ್ಮ’ನೂ ಲೋಕೇಶ್ ಚಿತ್ರವೇ, 1978ರದ್ದು. ಅಲ್ಲೂ ಸರಕು ಇದೆ, ಸುತ್ತ ಹಳ್ಳಿಯವರಿದ್ದಾರೆ. ಆದರೆ ಗೆಂಡೆತಿಮ್ಮ ಊರೂರು ಅಲೆದು ಮಾರುವವನು. ನಿಮ್ಮ ಮನುಷ್ಯ ಕೂತಿದ್ದಾನೆ. ಅವನ ಹತ್ತಿರಕ್ಕೆ ಜನ ಬರುತ್ತಾರೆ. ಒಂದು ದೃಶ್ಯದಲ್ಲಿ ಯಾವ ವಸ್ತು ಇತ್ತು ಅನ್ನುವುದಕ್ಕಿಂತ ಯಾರು ಏನು ಮಾಡುತ್ತಿದ್ದರು ಅನ್ನುವುದನ್ನು ಹಿಡಿದರೆ ಇಂಥ ಗೊಂದಲ ಬೇಗ ಬಿಡಿಸುತ್ತದೆ. ಪ್ರೂಫ್‌ನವರು ಒಪ್ಪಿದರು, ಸ್ವಲ್ಪ ಗೊಣಗಿ.

ಇನ್ನು ನಿಮ್ಮ ದೃಶ್ಯಗಳು. ಈ ಸಿನಿಮಾ ಆರ್.ಕೆ. ನಾರಾಯಣ್ ಅವರ 1952ರ ಕಾದಂಬರಿ ‘ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್’ ಆಧರಿಸಿದ್ದು. ಸಿನಿಮಾ ಕೈಗೆ ಸಿಗುವ ಮೊದಲೇ ಕಥೆಯನ್ನು ಪುಸ್ತಕದಲ್ಲಿ ಸರಿನೋಡಬಹುದು. ನಾವು ಮಾಡಿದ್ದು ಅದನ್ನೇ. ಮಾರ್ಗಯ್ಯ ಸಹಕಾರಿ ಭೂ ಅಡಮಾನ ಬ್ಯಾಂಕಿನ ಎದುರು ಆಲದ ಮರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಾನೆ. ಪೆಟ್ಟಿಗೆಯಲ್ಲಿ ಸಾಲದ ಅರ್ಜಿಗಳು, ಮಸಿ ಬುಡ್ಡಿ, ಲೆಕ್ಕದ ಪುಸ್ತಕ. ಬ್ಯಾಂಕಿನಿಂದ ಸಾಲ ಹೇಗೆ ಎತ್ತಬೇಕು ಅಂತ ರೈತರಿಗೆ ಹೇಳಿಕೊಡುವುದೇ ಅವನ ಕಸುಬು. ಅವನ ಮುದ್ದಿನ ಮಗ ಬಾಲು. ಒಂದು ದಿನ ಹಟ ಮಾಡಿ, ಅಪ್ಪನ ಲೆಕ್ಕದ ಪುಸ್ತಕವನ್ನೇ ಒಯ್ದು ಚರಂಡಿಗೆ ಎಸೆಯುತ್ತಾನೆ. ಯಾರು ಎಷ್ಟು ಕೊಡಬೇಕು ಅನ್ನುವುದೆಲ್ಲ ಅದರಲ್ಲೇ ಇದ್ದದ್ದು. ಪುಸ್ತಕ ಹೋಯಿತು, ಮರದ ಕೆಳಗಿನ ವ್ಯಾಪಾರವೂ ಹೋಯಿತು. ನಿಮಗೆ ಆ ದೃಶ್ಯ ಉಳಿದಿದ್ದರಲ್ಲಿ ಆಶ್ಚರ್ಯವಿಲ್ಲ. ಎಂಟು ವರ್ಷದ ಹುಡುಗನಿಗೆ ಅದು ಪುಸ್ತಕ, ಸ್ಕೂಲಿನ ಪುಸ್ತಕದ ಹಾಗೆ. ಅಪ್ಪನಿಗೆ ಅದು ಅಂಗಡಿ.

ಮುಂದೆ ಮಾರ್ಗಯ್ಯ ದೊಡ್ಡ ಬಡ್ಡಿಯ ಆಸೆ ತೋರಿಸಿ ಊರಿನವರ ದುಡ್ಡನ್ನೆಲ್ಲ ಠೇವಣಿಯಾಗಿ ತೆಗೆದುಕೊಳ್ಳುತ್ತಾನೆ. ಮನೆಯಲ್ಲಿ ಚೀಲದ ಮೇಲೆ ಚೀಲ. ಆಮೇಲೆ ಒಂದು ಗುಲ್ಲು ಹಬ್ಬುತ್ತದೆ, ಎಲ್ಲರೂ ಒಟ್ಟಿಗೆ ಬಾಗಿಲಿಗೆ ಬರುತ್ತಾರೆ. ನಿಮ್ಮ ಮೂರನೇ ದೃಶ್ಯ ಅದು.

ಹಾಗಾದರೆ ನಿಮಗೆ ‘ಮಾಲ್ಗುಡಿ ಡೇಸ್’ ಯಾಕೆ ಹೊಳೆಯಿತು? ಊರು ಒಂದೇ, ಬರೆದವರು ಒಬ್ಬರೇ. ಎರಡೂ ನಿಮ್ಮ ಕಣ್ಣಿಗೆ ಬಿದ್ದಿದ್ದು ಸುಮಾರು ಒಂದೇ ಕಾಲದಲ್ಲಿ, ಒಂದೇ ಟಿವಿಯಲ್ಲಿ. ತಲೆಯೊಳಗೆ ಎರಡೂ ಒಂದೇ ಗೂಡಿಗೆ ಸೇರಿಬಿಟ್ಟಿವೆ. ಆದರೆ ಶಂಕರ್ ನಾಗ್ ಅವರ ಆ ಧಾರಾವಾಹಿ ಆಗ ಬಂದಿದ್ದು ಹಿಂದಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಡಬ್ ಆಗಿದ್ದು ಎಷ್ಟೋ ವರ್ಷಗಳ ನಂತರ. ಮಾತು ಕನ್ನಡದಲ್ಲೇ ಇತ್ತು ಅಂತ ನಿಮಗೆ ಖಾತ್ರಿ ಇದ್ದರೆ, ಅದೊಂದರಿಂದಲೇ ಅದನ್ನು ಬಿಟ್ಟುಬಿಡಬಹುದಿತ್ತು. ಎಂಬತ್ತರ ದಶಕದಲ್ಲಿ ಕನ್ನಡಕ್ಕೆ ಡಬ್ಬಿಂಗ್ ಇರಲಿಲ್ಲ. ಆಗ ಕನ್ನಡದಲ್ಲಿ ಕೇಳಿದ ಸಿನಿಮಾ ಅಂದರೆ ಕನ್ನಡದಲ್ಲೇ ತೆಗೆದ ಸಿನಿಮಾ. ಈಗಿನ ಮಕ್ಕಳು ಮೂವತ್ತು ವರ್ಷದ ನಂತರ ಹುಡುಕುವಾಗ ಈ ಅನುಕೂಲ ಇರುವುದಿಲ್ಲ, ಪಾಪ.

‘ಕಪ್ಪು ಬಿಳುಪು’ ಅಂತ ಬರೆದಿದ್ದೀರಲ್ಲ, ಅದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 1982ರಲ್ಲೇ ದೂರದರ್ಶನಕ್ಕೆ ಬಣ್ಣ ಬಂದರೂ ಮನೆಗಳಲ್ಲಿ ಇದ್ದಿದ್ದು ಹೆಚ್ಚಾಗಿ ಕಪ್ಪು ಬಿಳುಪಿನ ಸೆಟ್. ಅದು ಪಕ್ಕದ ಮನೆ ಟಿವಿಯ ಬಣ್ಣ ಇರಬಹುದು.

ಈಗ ನೀವು ಮಾಡಬೇಕಾದ ಒಂದು ಕೆಲಸ ಇದೆ. ಇಂಟರ್‌ನೆಟ್ಟಿನಲ್ಲಿ ಹುಡುಕುವಾಗ Banker Margayya ಅಂತ ಹಾಕಿ, ಸಿಗದಿದ್ದರೆ Margaiah ಅಂತಲೂ ಹಾಕಿ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಎಷ್ಟೋ ಸಿನಿಮಾ ಸಿಗದೆ ಹೋಗುವುದು ಬರೀ ಅಷ್ಟಕ್ಕೇ. ಆದರೆ ಸಿನಿಮಾ ಹಚ್ಚುವ ಮೊದಲು ಒಂದು ಚೀಟಿಯಲ್ಲಿ ನಿಮಗೆ ನೆನಪಿರುವ, ಪತ್ರದಲ್ಲಿ ಬರೆಯದ ಒಂದೆರಡು ವಿಷಯ ಬರೆದಿಡಿ. ಒಮ್ಮೆ ನೋಡಿದಿರೋ, ಆಮೇಲೆ ಎಲ್ಲವೂ ‘ಹೌದು, ಹೀಗೇ ಇತ್ತು’ ಅನ್ನಿಸಿಬಿಡುತ್ತದೆ. ನನಗೇ ಹಾಗಾಗಿದೆ. ರೈಲಿನ ದೃಶ್ಯವೂ ದೋಣಿಯ ದೃಶ್ಯವೂ ಇರುವ ಒಂದು ಸಿನಿಮಾವನ್ನು ಹತ್ತು ವರ್ಷ ಹುಡುಕಿದೆ. ಒಂದನ್ನು ನೋಡಿ, ಇದೇ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಕೊನೆಗೆ ನೋಡಿದರೆ ದೋಣಿ ಬೇರೆ ಸಿನಿಮಾದ್ದು. ಜಾತ್ರೆಯ ಟೆಂಟಿನಲ್ಲಿ ಒಂದೇ ರಾತ್ರಿ ಎರಡು ಆಟ ನೋಡಿದ್ದೆ.

ಅದಕ್ಕೇ ಈ ಕಥೆಯ ಕೊನೆಯನ್ನು ನಾನು ಬೇಕೆಂದೇ ಇಲ್ಲಿ ಬರೆದಿಲ್ಲ. ಜನರ ಗಲಾಟೆ ಮುಗಿದ ಮೇಲೆ ಅಪ್ಪ ಮಗನಿಗೆ ಒಂದು ಮಾತು ಹೇಳುತ್ತಾನೆ. ಪುಸ್ತಕದಲ್ಲಿ ಏನಿದೆ ಅಂತ ನನಗೆ ಗೊತ್ತು. ನಿಮಗೆ ಏನು ನೆನಪಿದೆ ಅಂತ ಚೀಟಿಯಲ್ಲಿ ಬರೆದು, ಆಮೇಲೆ ಸಿನಿಮಾ ನೋಡಿ, ತಿದ್ದದೆ ನಮಗೆ ಕಳಿಸಿ. ಜೊತೆಗೆ ಕೂತು ನೋಡಲು ಮನೆಯವರನ್ನೂ ಕರೆಯಿರಿ, ಕನಸು ಅಂದವರು ಅವರೇ ಅಲ್ವಾ.

— ಸಂಪಾದಕ