ಅತ್ತೆಯ ಎದುರು ‘ಪ್ರೀತಿಸುತ್ತೇನೆ’ ಬೇಡ

ನಮ್ಮೂರು ನಾಗಪುರ, ಹೆಂಡತಿ ಮೈಸೂರಿನವಳು. ಈಗ ಕನ್ನಡ ಕಲಿಯುತ್ತಿದ್ದೇನೆ. ಹೋದ ತಿಂಗಳು ಅತ್ತೆಗೆ ‘ನಾನು ನಿಮ್ಮನ್ನು ಪ್ರೀತಿಸುತ್ತೇನೆ’ ಅಂದೆ. ಅವರು ಮಾತಾಡದೆ ಅಡುಗೆಮನೆಗೆ ಹೋಗಿಬಿಟ್ಟರು. ಏನು ತಪ್ಪಾಯಿತು?

ಈ ವರ್ಷ ಇದೇ ಪ್ರಶ್ನೆ ನನಗೆ ನಾಲ್ಕನೇ ಸಲ ಬಂದಿದೆ. ತಪ್ಪು ನಿಮ್ಮದಲ್ಲ, 30 ದಿನದಲ್ಲಿ ಕನ್ನಡ ಕಲಿಸುತ್ತೇವೆ ಅನ್ನುವವರದ್ದು. ವಾಕ್ಯ ಕಲಿಸುತ್ತಾರೆ, ಅದನ್ನು ಯಾರು ಯಾರಿಗೆ ಹೇಳುತ್ತಾರೆ ಅಂತ ಕಲಿಸುವುದಿಲ್ಲ. ನನಗೆ ಸಿಟ್ಟು ಬರುವುದೇ ಅಲ್ಲಿ.

ಆಡುಮಾತಿನಲ್ಲಿ ‘ಪ್ರೀತಿಸು’ ಬರುವುದು ಹೆಚ್ಚಾಗಿ ಹುಡುಗ ಹುಡುಗಿಯ ವಿಷಯದಲ್ಲಿ. ‘ಅವರು ಪ್ರೀತಿಸಿ ಮದುವೆಯಾದರು’ ಅಂತೀವಲ್ಲ, ಆ ಅರ್ಥದಲ್ಲಿ. ಅಳಿಯನ ಬಾಯಲ್ಲಿ ಅದನ್ನು ಕೇಳಿದರೆ ಅತ್ತೆಗೆ ಮುಜುಗರವಾಗದೆ ಇರುತ್ತದಾ? ಜೊತೆಗೆ, ನಮ್ಮ ಮಾತಿನಲ್ಲಿ ಮನಸ್ಸಿನ ಸಂಗತಿಗಳು ಸಾಮಾನ್ಯವಾಗಿ ‘ನನಗೆ’ ಆಗುತ್ತವೆ. ನನಗೆ ಬೇಜಾರು, ನನಗೆ ಖುಷಿ, ನನಗೆ ಇಷ್ಟ. ‘ನಾನು’ ಅಂತ ಶುರು ಮಾಡಿದರೆ ಸಭೆಯಲ್ಲಿ ಎದ್ದು ನಿಂತು ಘೋಷಿಸಿದ ಹಾಗೆ ಕೇಳಿಸುತ್ತದೆ.

ಹಾಗಾದರೆ ‘ನೀವಂದ್ರೆ ನಂಗೆ ಇಷ್ಟ’ ಅನ್ನಬಹುದಾ? ಅನ್ನಬಹುದು, ಆದರೆ ಮುಖಕ್ಕೆ ಮುಖ ಕೊಟ್ಟು ಬೇಡ. ಅವರಿಗೆ ಕೇಳಿಸುವ ಹಾಗೆ ಬೇರೆಯವರಿಗೆ ಹೇಳಿ. ಪಕ್ಕದ ಮನೆಯವರು ಬಂದಾಗ ‘ನಮ್ಮತ್ತೆ ಸಾರು ಮಾಡಿದ್ರೆ ನಂಗೆ ಬೇರೇನೂ ಬೇಡ’ ಅನ್ನಿ. ‘ನನ್ನ ಅತ್ತೆ’ ಅಲ್ಲ, ‘ನಮ್ಮತ್ತೆ’. ‘ನನ್ನ’ ಅಂದರೆ ಬರೀ ಸಂಬಂಧ ತಿಳಿಸಿದ ಹಾಗಾಗುತ್ತದೆ, ‘ನಮ್ಮ’ ಅಂದರೆ ನೀವು ಆ ಮನೆಯವರಾದಿರಿ. ನನ್ನ ಕೇಳಿದರೆ, ಪ್ರೀತಿ ಇರುವುದು ಈ ಒಂದು ಅಕ್ಷರದ ವ್ಯತ್ಯಾಸದಲ್ಲೇ.

ಫೋನಿನಲ್ಲಿ ಸುಮ್ನೆ ‘ಊಟ ಆಯ್ತಾ?’ ಅಂತ ಕೇಳಿ ಮುಗಿಸಬೇಡಿ. ಹೋದ ವಾರ ಮೊಣಕಾಲು ನೋವು ಅಂದಿದ್ದರೆ ‘ನೋವು ಕಮ್ಮಿ ಆಯ್ತಾ? ಮೆಟ್ಟಿಲು ಹತ್ತೋಕೆ ಆಗ್ತಿದೆಯಾ?’ ಅಂತ ವಿಚಾರಿಸಿ. ಹೊರಡುವಾಗ ‘ಹೋಗ್ತೀನಿ’ ಅನ್ನಬೇಡಿ, ‘ಹೋಗಿ ಬರ್ತೀನಿ’ ಅನ್ನಿ.

ನಿಮ್ಮ ಮಾತು ತಲುಪಿದೆ ಅಂತ ತಿಳಿಯುವುದು ಹೇಗೆ? ಅವರು ಪ್ರೀತಿಯ ಮಾತನ್ನೇ ವಾಪಸ್ ಹೇಳುತ್ತಾರೆ ಅಂತ ಕಾಯಬೇಡಿ. ‘ಇಷ್ಟು ಹೊತ್ತಾದ್ರೂ ಊಟ ಮಾಡಿಲ್ವೇನಪ್ಪಾ?’ ಅಂತ ಗದರಿಸಿದರೆ ತಲುಪಿದೆ. ಆ ‘ಅಪ್ಪಾ’ ಇದೆಯಲ್ಲ, ಹೊಸ ಅಳಿಯನಿಗೆ ಸುಲಭವಾಗಿ ಸಿಗುವುದಿಲ್ಲ. ಅವರು ನಿಮ್ಮನ್ನು ‘ನೀನು’ ಅನ್ನತೊಡಗಿದರೂ ನೀವು ‘ನೀವು’ ಬಿಡಬೇಡಿ. ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹುಷಾರು, ಯಾಕೆಂದರೆ ಒಮ್ಮೆ ಸಲಿಗೆ ಮೀರಿತು ಅನ್ನಿಸಿದರೆ ಸರಿಮಾಡಲು ವರ್ಷಗಳೇ ಹಿಡಿಯುತ್ತವೆ.

ಕನ್ನಡದಲ್ಲಿ ಪ್ರೀತಿಗೆ ಸ್ವಂತ ಪದವೇ ಇಲ್ಲವಂತೆ, ನಿಜವೇ?

ಸುಳ್ಳು. ಒಲವು, ಒಲುಮೆ, ನಲ್ಮೆ ಎಲ್ಲ ಎಲ್ಲಿಗೆ ಹೋದವು?

ಅಮ್ಮನಿಗೆ ‘ಲವ್ ಯೂ ಅಮ್ಮ’ ಅಂದರೆ ತಪ್ಪಾ?

ತಪ್ಪಿಲ್ಲ. ಅವರು ನಗುತ್ತಿದ್ದರೆ ಅನ್ನಿ, ಮುಖ ತಿರುಗಿಸಿದರೆ ಕೈಯಲ್ಲಿರುವ ಪಾತ್ರೆ ತೆಗೆದುಕೊಂಡು ನೀವೇ ತೊಳೆಯಿರಿ.