ಚಲಾನ್ ಮೆಸೇಜಿಗೆ ಹಿಂದಿಯೋ, ಇಂಗ್ಲಿಷೋ?

"ಸಂಪಾದಕರೇ, ನಾನು ನೆಲಮಂಗಲದ ಹತ್ತಿರ ಒಂದು ಗೋಡೌನಿನಲ್ಲಿ ಬಿಲ್ಲಿಂಗ್ ನೋಡಿಕೊಳ್ತೀನಿ. ಡಿಸ್ಪ್ಯಾಚ್‌ನಲ್ಲಿರೋರು ಒಡಿಶಾದವರು, ನನಗಿಂತ ವಯಸ್ಸಿನಲ್ಲಿ ದೊಡ್ಡವರು. ನಮ್ಮಿಬ್ಬರ ಮಾತೆಲ್ಲ ಹಿಂದಿಯಲ್ಲೇ. ಮೊನ್ನೆ ವಾಟ್ಸಾಪ್‌ನಲ್ಲಿ 'ಕಲ್ ಕಾ ಚಲಾನ್ ಚೆಕ್ ಕರ್‌ಕೆ ಬೋಲೋ' ಅಂತ ಹಾಕಿದೆ. ಅವರು ಬೇರೆ ಯಾವುದೋ ಚಲಾನ್ ನೋಡಿದರು, ಮುಖಾನೂ ಗಂಟು ಹಾಕಿಕೊಂಡರು. ಇಂಗ್ಲಿಷಲ್ಲಿ ಬರೆದರೆ ಗತ್ತು ಅಂದುಕೊಳ್ತಾರೇನೋ. ಹಿಂದಿಯಲ್ಲಿ ಬರೆದರೆ 'ಕರ್ನಾಟಕದಲ್ಲಿ ಇದ್ದುಕೊಂಡು ಯಾಕೆ' ಅಂತ ನಮ್ಮಣ್ಣ ರೇಗ್ತಾನೆ. ಅವರು ವಾಯ್ಸ್ ಮೆಸೇಜ್ ಹಿಂದಿಯಲ್ಲಿ ಕಳಿಸ್ತಾರೆ, ಟೈಪ್ ಮಾಡಿದರೆ ಮಾತ್ರ ಇಂಗ್ಲಿಷ್. ನಾನು ಯಾವುದರಲ್ಲಿ ಬರೀಲಿ?"
— ಹೆಸರು ಬೇಡ ಎಂದಿರುವ ಓದುಗರು, ನೆಲಮಂಗಲ

ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಬರೆಯಿರಿ. ಮಾತು ಈಗಿರುವ ಹಾಗೆ ಹಿಂದಿಯಲ್ಲೇ ಇರಲಿ. ಇದಕ್ಕೆ ಕಾರಣ ನಿಮ್ಮ ಪತ್ರದ ಕೊನೆಯಲ್ಲೇ ಇದೆ. ಅವರು ವಾಯ್ಸ್ ಹಿಂದಿಯಲ್ಲಿ ಕಳಿಸುತ್ತಾರೆ, ಟೈಪ್ ಮಾಡುವುದು ಇಂಗ್ಲಿಷ್‌ನಲ್ಲಿ. ಅಂದರೆ ಹಿಂದಿ ಅವರಿಗೆ ಕಿವಿಯಿಂದ ಬಂದದ್ದು, ಅಕ್ಷರದಲ್ಲಿ ಓದಿ ಬರೆದು ಅಷ್ಟು ರೂಢಿ ಇರಲಿಕ್ಕಿಲ್ಲ. ಅವರ ಮನೆಮಾತು ಹೆಚ್ಚುಕಮ್ಮಿ ಒಡಿಯಾನೇ ಇರಬೇಕು. ಒಡಿಯಾಕ್ಕೆ ಅದರದ್ದೇ ಲಿಪಿ ಇದೆ. ಹಿಂದಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಓದುವವರು ಒಂದೊಂದೇ ಪದವನ್ನು ಬಾಯಲ್ಲಿ ಹೇಳಿಕೊಂಡು ಅರ್ಥ ಹುಡುಕಬೇಕು. 'ನಾನು' ಅನ್ನುವ 'ಮೈಂ', 'ಒಳಗೆ' ಅನ್ನುವ 'ಮೇಂ' ಎರಡನ್ನೂ ಜನ ಒಂದೇ ಥರ ಟೈಪ್ ಮಾಡುತ್ತಾರೆ. ಹಿಂದಿಯವರಿಗೆ ಅದು ತಾನಾಗೇ ಹೊಳೆಯುತ್ತದೆ. ನಿಮ್ಮಿಬ್ಬರಿಗೂ ಅದು ಎರಡನೆಯ ಭಾಷೆಯೋ ಮೂರನೆಯದೋ ಅಲ್ವಾ?

ಯಾರಿಗೇ ಆಗಲಿ, ಬೇರೆ ರಾಜ್ಯದವರು ಎಂದ ಕೂಡಲೇ ಹಿಂದಿ ಎಂದುಕೊಳ್ಳಬೇಡಿ. ಅವರು ತಾವಾಗಿ ಮೊದಲು ಬರೆದ ಮೆಸೇಜುಗಳನ್ನು ತೆಗೆದು ನೋಡಿ. ನಿಮಗೆ ಉತ್ತರ ಕೊಟ್ಟದ್ದನ್ನಲ್ಲ, ತಾವೇ ಶುರು ಮಾಡಿದ್ದನ್ನು. ಉತ್ತರ ಕೊಡುವಾಗ ಜನ ನಿಮ್ಮ ಭಾಷೆಗೆ ಹೊಂದಿಕೊಂಡುಬಿಡುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ತಮಿಳುನಾಡಿನವರಾದರೆ ಇನ್ನೂ ಜೋಪಾನ. ಅಲ್ಲಿ 1968ರಿಂದ ಸರ್ಕಾರಿ ಶಾಲೆಯಲ್ಲಿ ಇರುವುದು ತಮಿಳು, ಇಂಗ್ಲಿಷ್ ಎರಡೇ. ಬಿಹಾರ, ಉತ್ತರ ಪ್ರದೇಶದವರು ತಾವೇ ಹಿಂದಿಯಲ್ಲಿ ಬರೆದರೆ ನೀವೂ ಹಿಂದಿಯಲ್ಲಿ ಉತ್ತರ ಕೊಡಿ, ತಕರಾರಿಲ್ಲ.

ಈಗ ನಿಮ್ಮ ಮೆಸೇಜಿಗೆ ಬರೋಣ. ಅದರಲ್ಲಿ ಎರಡು ಎಡವಟ್ಟು ಇದೆ. ಎರಡೂ ಕನ್ನಡದವರು ಹಿಂದಿ ಬರೆಯುವಾಗ ಪದೇಪದೇ ಆಗುವಂಥವು.

ಮೊದಲನೆಯದು 'ಕಲ್'. ಹಿಂದಿಯಲ್ಲಿ ನಿನ್ನೆಗೂ ಅದೇ, ನಾಳೆಗೂ ಅದೇ. 'ಪರ್‌ಸೋಂ' ಕೂಡ ಹಾಗೆಯೇ, ಮೊನ್ನೆಯೂ ಹೌದು, ನಾಡಿದ್ದೂ ಹೌದು. ಇದರಿಂದ ಹಿಂದಿಯವರಿಗೆ ಗೊಂದಲ ಆಗುವುದು ಕಡಿಮೆ, ಯಾಕೆಂದರೆ ಕ್ರಿಯಾಪದ ಅದನ್ನು ಬಗೆಹರಿಸುತ್ತದೆ. 'ಕಲ್ ಭೇಜಾ ಥಾ' ಅಂದರೆ ನಿನ್ನೆ, 'ಕಲ್ ಭೇಜೇಂಗೆ' ಅಂದರೆ ನಾಳೆ. ಆದರೆ 'ಕಲ್ ಕಾ ಚಲಾನ್' ಎಂದಿರಿ ನೀವು. ಅದರ ಮುಂದೆ ಇರುವುದು 'ನೋಡಿ ಹೇಳು' ಅನ್ನುವ ಮಾತು ಮಾತ್ರ. ಯಾವ ದಿನ ಎಂದು ತೋರಿಸುವ ಕ್ರಿಯಾಪದವೇ ಇಲ್ಲ. ನೀವು ಬಿಲ್ಲಿಂಗ್‌ನವರು, ನಿಮ್ಮ ತಲೆಯಲ್ಲಿ ನಿನ್ನೆ ಹೋದ ಮಾಲಿನ ಲೆಕ್ಕ. ಅವರು ಡಿಸ್ಪ್ಯಾಚ್‌ನವರು, ಅವರ ತಲೆಯಲ್ಲಿ ನಾಳೆ ಹೊರಡುವ ಲಾರಿಯ ಕಾಗದ. ಇಬ್ಬರೂ ಸರಿಯಾಗೇ ಓದಿಕೊಂಡಿದ್ದೀರಿ. ಎದುರಿಗೇ ಇದ್ದಿದ್ದರೆ 'ಯಾವುದು, ನಿನ್ನೇದಾ?' ಎಂದು ಅವರೇ ಕೇಳಿರುತ್ತಿದ್ದರು. ಮೆಸೇಜಿನಲ್ಲಿ ಯಾರೂ ಕೇಳುವುದಿಲ್ಲ, ಸುಮ್ನೆ ಕೆಲಸ ಶುರು ಮಾಡುತ್ತಾರೆ.

ಇದರಿಂದ ಎಷ್ಟು ನಷ್ಟ ಆಗಬಹುದು ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ಬೇರೆ ಓದುಗರಿಗಾಗಿ ಹೇಳುತ್ತೇನೆ. 50,000 ರೂಪಾಯಿಗಿಂತ ಜಾಸ್ತಿ ಬೆಲೆಯ ಮಾಲು ರಾಜ್ಯದ ಗಡಿ ದಾಟಬೇಕಾದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ಅದರಲ್ಲಿ ತಪ್ಪಿದ್ದರೆ, ಮಾಡಿದ 24 ಗಂಟೆಯೊಳಗೆ ರದ್ದು ಮಾಡಬಹುದು. ಆಮೇಲೆ ಆಗುವುದಿಲ್ಲ. ಮಂಗಳವಾರ ಸಂಜೆ 5ಕ್ಕೆ ಬಿಲ್ ಮಾಡಿದ್ದೀರಿ ಎಂದುಕೊಳ್ಳಿ. ಬುಧವಾರ ಬೆಳಿಗ್ಗೆ 11ಕ್ಕೆ 'ಕಲ್ ಕಾ ಚಲಾನ್' ಎಂದು ಹಾಕುತ್ತೀರಿ. ಅವರು ಗುರುವಾರ ಹೊರಡುವ ಚಲಾನ್ ತೆಗೆದು ಲೆಕ್ಕ ಹಾಕಿ, ಮಧ್ಯಾಹ್ನ 'ಓಕೆ' ಎನ್ನುತ್ತಾರೆ. ನೀವು ಅದನ್ನು ನಂಬುತ್ತೀರಿ. ಸಂಜೆ 6ಕ್ಕೆ ನಿಜ ಗೊತ್ತಾಗುತ್ತದೆ. ಅಷ್ಟರಲ್ಲಿ ಪೋರ್ಟಲ್‌ನಲ್ಲಿ ರದ್ದು ಮಾಡುವ ದಾರಿ ಮುಚ್ಚಿ ಒಂದು ಗಂಟೆ ಆಗಿರುತ್ತದೆ. ಇಲ್ಲಿ ಮೋಸ ಮಾಡಿದ್ದು ಆ 'ಓಕೆ'. ಅವರ ಉತ್ತರದಲ್ಲಿ ಚಲಾನ್ ನಂಬರ್ ಇಲ್ಲದಿದ್ದರೆ ಅದನ್ನು ಉತ್ತರ ಎಂದು ಎಣಿಸಲೇಬೇಡಿ.

ಹಾಗಾಗಿ ಭಾಷೆ ಯಾವುದೇ ಇರಲಿ, ನಿನ್ನೆ ನಾಳೆ ಬರೆಯಬೇಡಿ. ವಾರ, ತಾರೀಖು, ನಂಬರ್ ಹಾಕಿ. ಗಂಟೆಯನ್ನೂ ಅಂಕಿಯಲ್ಲೇ ಬರೆಯಿರಿ. ಹಿಂದಿಯ 'ಪೌನೇ ಚಾರ್' ಅಂದರೆ ಮೂರೂ ಮುಕ್ಕಾಲು. ನಮ್ಮವರು ಎಷ್ಟೋ ಜನ ಅದನ್ನು ನಾಲ್ಕು ದಾಟಿದ ಹೊತ್ತು ಎಂದುಕೊಳ್ಳುತ್ತಾರೆ.

ಎರಡನೆಯದು ಅವರ ಮುಖ ಗಂಟಾದದ್ದು. ಅದಕ್ಕೆ ಕಾರಣ ಬಹುಶಃ 'ಬೋಲೋ'. ಕನ್ನಡದಲ್ಲಿ 'ಚೆಕ್ ಮಾಡಿ ಹೇಳಿ' ಎಂದರೆ ಮರ್ಯಾದೆ ಆ 'ಹೇಳಿ'ಯಲ್ಲೇ ಇರುತ್ತದೆ. 'ದಯವಿಟ್ಟು' ಸೇರಿಸುವ ಅಗತ್ಯವೇ ಬರುವುದಿಲ್ಲ. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಆ 'ಹೇಳಿ'ಯೇ, ನನಗೆ ಅನುಮಾನವಿಲ್ಲ. ಆದರೆ ಅಂಗಡಿಯಲ್ಲಿ, ಆಟೋದಲ್ಲಿ, ಗೋಡೌನಿನಲ್ಲಿ ನಮ್ಮ ಕಿವಿಗೆ ಬೀಳುವ ಹಿಂದಿ 'ಬೋಲೋ', 'ಕರೋ', 'ದೇಖೋ'. ಅದನ್ನೇ ಹಾಗೇ ಎತ್ತಿ ಬರೆಯುತ್ತೇವೆ. ಅದು ಹಿಂದಿಯಲ್ಲಿ 'ತುಮ್' ಎಂದು ಕರೆಯುವವರಿಗೆ, ಅಂದರೆ ಸರಿಸಮಾನರಿಗೆ, ಚಿಕ್ಕವರಿಗೆ ಆಡುವ ಮಾತು. ಒಡಿಯಾದಲ್ಲೂ 'ಆಪಣ', 'ತುಮೆ', 'ತು' ಎಂದು ಮೂರು ಮೆಟ್ಟಿಲು ಇವೆ. ಹಾಗಾಗಿ ಆ ವ್ಯತ್ಯಾಸ ಅವರ ಕಿವಿಗೆ ಚುರುಕಾಗೇ ತಟ್ಟುತ್ತದೆ. ಬಾಯಲ್ಲಿ ಹೇಳುವಾಗ ನಿಮ್ಮ ನಗು, ದನಿ ಅದನ್ನು ಮೆದು ಮಾಡಿರುತ್ತವೆ. ಸ್ಕ್ರೀನಿನ ಮೇಲೆ ಬರೀ 'ಬೋಲೋ' ಉಳಿಯುತ್ತದೆ. ದೊಡ್ಡವರಿಗೆ 'ದೇಖ್ ಲೀಜಿಯೇ', 'ಬತಾ ದೀಜಿಯೇ' ಎನ್ನಬೇಕು. ತಿಳಿಸಿ ಎನ್ನುವುದಕ್ಕೆ 'ಬತಾನಾ' ಸರಿಯಾದ ಮಾತು, 'ಬೋಲ್‌ನಾ' ಅಲ್ಲ.

ಇಂಗ್ಲಿಷ್‌ನಲ್ಲಿ ಈ ತಾಪತ್ರಯ ಕಡಿಮೆ. ಅಲ್ಲಿ 'ಯು' ಒಂದೇ, ದೊಡ್ಡವರು ಚಿಕ್ಕವರು ಎಂಬ ಭೇದ ಇಲ್ಲ. ಆದರೆ ಅಲ್ಲೂ ನಾವು ಕನ್ನಡದ 'ಹೇಳಿ'ಯನ್ನು ನಂಬಿಕೊಂಡು 'ಚೆಕ್ ಆ್ಯಂಡ್ ಟೆಲ್' ಎಂದು ಬರೆದುಬಿಡುತ್ತೇವೆ. ನೀವು ಗತ್ತು ಎಂದು ಹೆದರಿದ್ದೀರಲ್ಲ, ಅದು ಬರುವುದು ಇಂಗ್ಲಿಷ್‌ನಿಂದಲ್ಲ, ಈ ಮೊಟಕುತನದಿಂದ. ಒಂದು 'ಪ್ಲೀಸ್', ಒಂದು ಪ್ರಶ್ನೆ ಇದ್ದರೆ ಸಾಕು. ನಿಮ್ಮ ಮೆಸೇಜನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ:

"ನಮಸ್ಕಾರ ಸರ್. ಪ್ಲೀಸ್ ಚೆಕ್ ಚಲಾನ್ ನಂಬರ್ 214, ಟ್ಯೂಸ್‌ಡೇ 11 ಮಾರ್ಚ್. ಈಸ್ ದ ಕ್ವಾಂಟಿಟಿ ಕರೆಕ್ಟ್? ಐ ನೀಡ್ ಯುವರ್ ರಿಪ್ಲೈ ಬೈ 3 ಪಿಎಂ."

'ನಮಸ್ಕಾರ' ಎಂದದ್ದು ಸುಮ್ಮನೆ ಅಲ್ಲ. ಅದು ಒಡಿಯಾದಲ್ಲೂ 'ನಮಸ್ಕಾರ'ವೇ, ಕನ್ನಡದಲ್ಲೂ ಅದೇ. ನಿಮ್ಮಿಬ್ಬರದೂ ಆದ ಆ ಒಂದು ಪದಕ್ಕೆ ಹಿಂದಿಯೂ ಬೇಡ, ಇಂಗ್ಲಿಷೂ ಬೇಡ.

ಹಿಂದಿಯಲ್ಲೇ ಬರೆಯಲೇಬೇಕಾದರೆ, ಒಂದೇ ಸಲ ಓದಿ ತಿಳಿಯುವ ಹಾಗೆ ಬರೆಯಿರಿ: "ಮಂಗಲ್‌ವಾರ್ 11 ತಾರೀಖ್ ಕಾ ಚಲಾನ್ ನಂಬರ್ 214 ದೇಖ್ ಲೀಜಿಯೇ, ಕ್ವಾಂಟಿಟಿ ಸಹೀ ಹೈ ಕ್ಯಾ? 3 ಬಜೇ ತಕ್ ಬತಾ ದೀಜಿಯೇ." ಇದರಲ್ಲಿ ತಪ್ಪಿಲ್ಲ. ಆದರೂ ಇಂಗ್ಲಿಷಿನದ್ದನ್ನೇ ಆರಿಸುತ್ತೇನೆ, ಯಾಕೆಂದರೆ ಚಲಾನ್ ಮೆಸೇಜ್ ಇಬ್ಬರ ನಡುವೆ ನಿಲ್ಲುವುದಿಲ್ಲ. ನಾಳೆ ಅದು ಮ್ಯಾನೇಜರಿಗೆ ಫಾರ್ವರ್ಡ್ ಆಗುತ್ತದೆ, ಆಡಿಟರಿಗೆ ಹೋಗುತ್ತದೆ. ಅವರಲ್ಲಿ ಹಿಂದಿ ಬಾರದವರು ಇರಬಹುದು.

ಇನ್ನು ನಿಮ್ಮ ಅಣ್ಣನ ಮಾತು. ಅವರ ಕಾಳಜಿ ಸುಳ್ಳಲ್ಲ, ನಾನೂ ಅದನ್ನು ಹಂಚಿಕೊಳ್ಳುತ್ತೇನೆ. ಸಂವಿಧಾನ ಯಾವ ಭಾಷೆಯನ್ನೂ ರಾಷ್ಟ್ರಭಾಷೆ ಎಂದಿಲ್ಲ. 343ನೇ ವಿಧಿ ಹಿಂದಿಯನ್ನು ಕರೆದಿರುವುದು ಕೇಂದ್ರ ಸರ್ಕಾರದ ಆಡಳಿತ ಭಾಷೆ ಎಂದು. 1976ರ ಅಧಿಕೃತ ಭಾಷಾ ನಿಯಮಗಳಲ್ಲಿ ಕರ್ನಾಟಕ 'ಸಿ' ವಲಯದಲ್ಲಿದೆ. ಕೇಂದ್ರದ ಕಚೇರಿ ಈ ವಲಯದ ರಾಜ್ಯ ಸರ್ಕಾರಕ್ಕೋ, ಇಲ್ಲಿನ ಒಬ್ಬ ನಾಗರಿಕನಿಗೋ ಬರೆಯುವಾಗ ಇಂಗ್ಲಿಷ್‌ನಲ್ಲಿ ಬರೆಯಬೇಕು ಎಂದೇ ಅಲ್ಲಿದೆ. ಹಾಗಾಗಿ ಹಿಂದಿಯಲ್ಲೇ ಬರೆಯಬೇಕು ಎಂದು ಯಾರಾದರೂ ನಿಮಗೆ ಹೇಳಿದರೆ ಒಪ್ಪಬೇಡಿ. ಗೋಡೌನಿನ ಬೋರ್ಡು, ಕೂಲಿಯವರಿಗೆ ಹಾಕುವ ನೋಟಿಸು ಕನ್ನಡದಲ್ಲಿ ಇರಲೇಬೇಕು ಎಂದು ಗಟ್ಟಿಯಾಗಿ ಹೇಳಿ. ಆದರೆ ನೀವೇ ಇಷ್ಟಪಟ್ಟು ಒಬ್ಬರ ಜೊತೆ ಹಿಂದಿಯಲ್ಲಿ ಮಾತಾಡುವುದು ಬೇರೆ ವಿಷಯ. ಅದರಿಂದ ಕನ್ನಡಕ್ಕೆ ಏನೂ ಕಡಿಮೆಯಾಗುವುದಿಲ್ಲ, ಅಣ್ಣನಿಗೆ ಹಾಗೇ ಹೇಳಿ.

ಹಿಂದಿಯೇ ಚೆನ್ನ ಎನ್ನುವ ಸಂದರ್ಭವೂ ಇದೆ. ಅವರು ಊರಿನಿಂದ ಬಂದ ದಿನ, ಮನೆಯಲ್ಲಿ ಯಾರಿಗೋ ಹುಷಾರಿಲ್ಲದಾಗ 'ಘರ್ ಪರ್ ಸಬ್ ಠೀಕ್ ಹೈ ನಾ?' ಎಂದು ಕೇಳಿ. ನೀವಿಬ್ಬರೂ ದಿನಾ ಆಡುವ ಭಾಷೆ ಅದು, ಅದೇ ಹತ್ತಿರ ಅನಿಸುತ್ತದೆ. ಅಂಥ ಮೆಸೇಜಿನಲ್ಲಿ ವ್ಯಾಕರಣ ತಪ್ಪಿದರೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಮಾತ್ರ ನೋಡಿಕೊಳ್ಳಿ. ನಿಮ್ಮ ಪತ್ರದ ಕೈಬರಹದಿಂದ ನೀವು ಹೆಣ್ಣುಮಗಳೋ ಗಂಡೋ ನನಗೆ ಗೊತ್ತಾಗಲಿಲ್ಲ, ಆದರೆ ಹಿಂದಿಯ ಒಂದು ಸಾಲಿನಿಂದಲೇ ಅದು ಗೊತ್ತಾಗುತ್ತದೆ. 'ಕಳಿಸ್ತೀನಿ' ಅನ್ನುವುದಕ್ಕೆ ಗಂಡಸು 'ಭೇಜ್ ದೂಂಗಾ' ಎನ್ನಬೇಕು, ಹೆಂಗಸು 'ಭೇಜ್ ದೂಂಗೀ'. ಗಂಡಸರ ಮಾತು ಕೇಳಿ ಹಿಂದಿ ಕಲಿತ ನಮ್ಮ ಹೆಣ್ಣುಮಕ್ಕಳು ಎಷ್ಟೋ ಜನ 'ದೂಂಗಾ' ಎಂದೇ ಬರೆಯುತ್ತಾರೆ. ಆದರೆ ಆಗಲೇ ಕಳಿಸಿಯಾಗಿದ್ದರೆ ಈ ಕಷ್ಟವಿಲ್ಲ. 'ಮೈನೇ ಫೈಲ್ ಭೇಜ್ ದೀ ಹೈ' ಎಂದು ಇಬ್ಬರೂ ಬರೆಯಬಹುದು. ಅಲ್ಲಿ ಕ್ರಿಯಾಪದ ಹಿಂಬಾಲಿಸುವುದು ಫೈಲನ್ನು, ಕಳಿಸಿದವರನ್ನಲ್ಲ.